ಕ್ಯಾಲೆಂಡರಿನ ಮುಹೂರ್ತ ನಿಮ್ಮದಾ, ಊರಿನದಾ?

"ಸರ್, ಜಾತಕ ಕೂಡಿ ಬಂದಿದೆ. ಗೋಡೆ ಕ್ಯಾಲೆಂಡರಲ್ಲಿ ಮದುವೆ ಮುಹೂರ್ತ ಅಂತ ದಿನಗಳನ್ನೂ ಹಾಕಿದ್ದಾರೆ. ಅದರಲ್ಲೇ ಒಂದು ಭಾನುವಾರ ನೋಡಿ ಹಾಲ್ ಬುಕ್ ಮಾಡಿದ್ರೆ ಸಾಲದಾ?"

ಸಾಲದು. ಆ ದಿನಗಳು ಸುಳ್ಳು ಅಂತಲ್ಲ. ಅಧಿಕ ಮಾಸ, ಧನುರ್ಮಾಸ, ಗುರು ಶುಕ್ರರ ಅಸ್ತ, ಅಮಾವಾಸ್ಯೆ, ಭದ್ರಾ ಕರಣ ಇವನ್ನೆಲ್ಲ ತೆಗೆದು ಉಳಿದದ್ದನ್ನು ಅವರು ಹಾಕಿರುತ್ತಾರೆ, ಅಷ್ಟು ಕೆಲಸ ನಿಮಗೆ ತಪ್ಪಿತು. ಆದರೆ ಅದು ಊರಿಗೆಲ್ಲ ಒಂದೇ ಪಟ್ಟಿ. ನಿಮ್ಮ ಹುಡುಗ ಯಾವ ನಕ್ಷತ್ರ, ಹುಡುಗಿ ಯಾವ ರಾಶಿ ಅಂತ ಕ್ಯಾಲೆಂಡರಿಗೆ ಹೇಗೆ ಗೊತ್ತಾಗಬೇಕು? ಇನ್ನು ಮೇಳಾಮೇಳಿ ನೋಡಿದ್ದು ಇಬ್ಬರೂ ಒಬ್ಬರಿಗೊಬ್ಬರು ಹೊಂದುತ್ತಾರಾ ಅಂತ. ಆ ದಿನ ಅವರಿಬ್ಬರಿಗೂ ಹೊಂದುತ್ತದಾ ಅನ್ನೋದು ಬೇರೆ ಲೆಕ್ಕ.

ನಾನು ಪುರೋಹಿತ ಅಲ್ಲ. ಡೊಂಬಿವಲಿಯಲ್ಲಿ ಮನೆ, ಲೋಕಲ್ ಟ್ರೇನಲ್ಲಿ ಓಡಾಡಿ ನೌಕರಿ ಮಾಡಿದವನು. ಪಂಚಾಂಗದ ಹುಚ್ಚು ಮನೆಯಿಂದಲೇ ಬಂದದ್ದು. ಎರಡು ವರ್ಷದ ಹಿಂದೆ ನಮ್ಮ ಬಿಲ್ಡಿಂಗಿನವರೇ ಒಬ್ಬರು ಮಗನ ಮದುವೆ ಸಲುವಾಗಿ ಬಂದಿದ್ದರು, ಆ ಕಥೆಯನ್ನೇ ಹೇಳುತ್ತೇನೆ, ಅದರಲ್ಲಿ ಎಲ್ಲ ಬಂತು.

ಹುಡುಗ ಮಘಾ ನಕ್ಷತ್ರ, ಸಿಂಹ ರಾಶಿ. ಮೂಲ ಊರು ಧಾರವಾಡದ ಕಡೆ. ಹುಡುಗಿ ಪುಣೆಯ ಮರಾಠಿ ಮನೆಯವಳು. ಬಯೋಡೇಟಾದಲ್ಲಿ ಚಿತ್ತಾ ನಕ್ಷತ್ರ, ಕನ್ಯಾ ರಾಶಿ ಅಂತ ಟೈಪ್ ಮಾಡಿದ್ದರು. ಮದುವೆಗೆ ಗೊತ್ತು ಮಾಡಿದ್ದು ವೈಶಾಖ ಶುದ್ಧ ದ್ವಾದಶಿ, ಹಸ್ತಾ ನಕ್ಷತ್ರ, ಭಾನುವಾರ. ಹಾಲಿಗೆ ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು. "ಸುಮ್ನೆ ಒಂದ್ಸಲ ನೋಡಿಬಿಡಿ" ಅಂತ ದೀಪಾವಳಿ ಫರಾಳದ ಡಬ್ಬಿ ಸಮೇತ ಬಂದಿದ್ದರು.

ಮೊದಲು ನೋಡೋದು ತಾರಾಬಲ. ಹುಟ್ಟಿದ ನಕ್ಷತ್ರವನ್ನೇ ಒಂದು ಅಂತ ಹಿಡಿದು ಮದುವೆ ದಿನದ ನಕ್ಷತ್ರದ ತನಕ ಎಣಿಸಬೇಕು, ಒಂಬತ್ತು ದಾಟಿದರೆ ಒಂಬತ್ತೊಂಬತ್ತೇ ಕಳೆಯುತ್ತ ಹೋಗಬೇಕು. ಉಳಿದದ್ದು ಮೂರು, ಐದು, ಏಳು ಆದರೆ ಬೇಡ. ವಿಪತ್, ಪ್ರತ್ಯಕ್, ನೈಧನ ಅಂತ ಅವುಗಳ ಹೆಸರು, ಹೆಸರಲ್ಲೇ ಗೊತ್ತಾಗುತ್ತದಲ್ಲ. ಒಂದು ಬಂದರೆ ಜನ್ಮತಾರೆ, ಅದನ್ನೂ ಆದಷ್ಟು ಬಿಡುತ್ತಾರೆ. ಮಿಕ್ಕದ್ದು ಸರಿ. ಹುಡುಗನಿಗೆ ಮಘಾದಿಂದ ಹಸ್ತಾ ನಾಲ್ಕನೆಯದು, ಕ್ಷೇಮ. ಹುಡುಗಿಗೆ ಚಿತ್ತಾದಿಂದ ಹಸ್ತಾ ಪೂರ್ತಿ ಒಂದು ಸುತ್ತು ಹಾಕಿ ಇಪ್ಪತ್ತೇಳನೆಯದು, ಅಂದರೆ ಒಂಬತ್ತು, ಪರಮ ಮಿತ್ರ. ಇಬ್ಬರಿಗೂ ಚೆನ್ನಾಗಿದೆ.

ಆಮೇಲೆ ಚಂದ್ರಬಲ. ಇದಕ್ಕೆ ನಕ್ಷತ್ರ ಸಾಲದು, ರಾಶಿ ಬೇಕು. ಆ ದಿನ ಚಂದ್ರ ಇರುವ ರಾಶಿ ನಿಮ್ಮ ರಾಶಿಯಿಂದ ನಾಲ್ಕು, ಎಂಟು, ಹನ್ನೆರಡು ಆಗಬಾರದು. ಎರಡು, ಐದು, ಒಂಬತ್ತು ಶುಕ್ಲಪಕ್ಷದಲ್ಲಿ ನಡೆಯುತ್ತದೆ. ಹಸ್ತಾ ದಿನ ಚಂದ್ರ ಕನ್ಯಾದಲ್ಲಿ. ಹುಡುಗನಿಗೆ ಎರಡನೆಯದು, ಶುಕ್ಲಪಕ್ಷ, ಪಾಸು. ಹುಡುಗಿ ಕನ್ಯಾ ರಾಶಿಯೇ ಆದರೆ ಒಂದನೆಯದು, ಅದೂ ಪಾಸು. ಅವರ ಪುರೋಹಿತರು ದಿನ ಕೊಟ್ಟದ್ದರಲ್ಲಿ ತಪ್ಪೇನಿರಲಿಲ್ಲ, ಕೈಗೆ ಕೊಟ್ಟ ಕಾಗದದ ಪ್ರಕಾರ.

ನನಗೆ ಕಣ್ಣಿಗೆ ಬಿದ್ದದ್ದು ಬಯೋಡೇಟಾದ ಇನ್ನೊಂದು ಸಾಲು. ಮರಾಠಿಯವರಲ್ಲಿ ನಾವರಸ ಹೆಸರು ಅಂತ ಬರೆಯುತ್ತಾರೆ, ನಮ್ಮ ಜನ್ಮನಾಮ ಇದ್ದ ಹಾಗೆ, ನಕ್ಷತ್ರದ ಪಾದದ ಅಕ್ಷರದಿಂದ ಇಡುವ ಹೆಸರು. ಅದು "ರಾ" ಅಕ್ಷರದಿಂದ ಶುರುವಾಗಿತ್ತು. ಚಿತ್ತಾದ ನಾಲ್ಕು ಪಾದಕ್ಕೆ ಅಕ್ಷರ ಪೇ, ಪೋ, ರಾ, ರೀ. ರಾ ಅಂದರೆ ಮೂರನೇ ಪಾದ. ಚಿತ್ತಾದ ಮೊದಲೆರಡು ಪಾದ ಮಾತ್ರ ಕನ್ಯಾ, ಮೂರು ನಾಲ್ಕು ತುಲಾ! ಒಂದೇ ಕಾಗದದಲ್ಲಿ ಹೆಸರು ತುಲಾ ಅನ್ನುತ್ತಿದೆ, ರಾಶಿ ಕನ್ಯಾ ಅನ್ನುತ್ತಿದೆ.

ಇಂಥದ್ದು ಜಾಸ್ತಿ ಆಗೋದು ಎರಡು ರಾಶಿಗೆ ಹಂಚಿಹೋದ ನಕ್ಷತ್ರಗಳಲ್ಲೇ. ಕೃತ್ತಿಕಾ, ಮೃಗಶಿರಾ, ಪುನರ್ವಸು, ಉತ್ತರಾ, ಚಿತ್ತಾ, ವಿಶಾಖಾ, ಉತ್ತರಾಷಾಢಾ, ಧನಿಷ್ಠಾ, ಪೂರ್ವಾಭಾದ್ರಾ. ಇವುಗಳಲ್ಲಿ ಹುಟ್ಟಿದವರು ಬರೀ ನಕ್ಷತ್ರ ಹೇಳಿದರೆ ಪಾದ ಕೇಳಿ. ಒಂದು ಪಾದ ದಾಟಲು ಚಂದ್ರನಿಗೆ ಸುಮಾರು ಆರು ಗಂಟೆ ಸಾಕು, ಹಾಗಾಗಿ "ಬೆಳಿಗ್ಗೆ ಹುಟ್ಟಿದ್ದು ಅಂತ ಅಜ್ಜಿ ಹೇಳ್ತಿದ್ರು" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಪುಣೆಗೆ ಫೋನ್ ಹಚ್ಚಿದೆವು. ಹುಡುಗಿಯ ಅವ್ವ ಹಳೇ ಫೈಲು ತೆಗೆದು ಆಸ್ಪತ್ರೆಯ ಚೀಟಿ ನೋಡಿದರು, ಹುಟ್ಟಿದ್ದು ಸಂಜೆ. ಲೆಕ್ಕ ಹಾಕಿದರೆ ಮೂರನೇ ಪಾದ, ತುಲಾ ರಾಶಿ. ತೊಟ್ಟಿಲಲ್ಲಿ ಹೆಸರು ಇಟ್ಟವರು ಸರಿಯಾಗೇ ಇಟ್ಟಿದ್ದರು, ಬಯೋಡೇಟಾ ಟೈಪ್ ಮಾಡಿದವರು ಎಡವಿದ್ದರು.

ತುಲಾದಿಂದ ಕನ್ಯಾ ಹನ್ನೆರಡನೆಯದು. ಹನ್ನೆರಡನೇ ಚಂದ್ರನಿಗೆ ಮದುವೆಯಲ್ಲಿ ವಿನಾಯಿತಿ ಕೊಡುವವರೂ ಇದ್ದಾರೆ, ಎಂಟನೆಯದಕ್ಕೆ ಮಾತ್ರ ಸುಲಭಕ್ಕೆ ಯಾರೂ ಒಪ್ಪಲ್ಲ. ನಾನಾದರೆ ಬೇರೆ ದಾರಿ ಇರುವಾಗ ವಿನಾಯಿತಿ ಹುಡುಕೋದಿಲ್ಲ. ಹಾಗಾಗಿ ಮೊದಲಿಂದ ಶುರು ಮಾಡಿದೆವು.

ಮದುವೆಗೆ ಹೇಳಿದ ನಕ್ಷತ್ರ ಹನ್ನೊಂದು: ರೋಹಿಣಿ, ಮೃಗಶಿರಾ, ಮಘಾ, ಉತ್ತರಾ, ಹಸ್ತಾ, ಸ್ವಾತಿ, ಅನುರಾಧಾ, ಮೂಲಾ, ಉತ್ತರಾಷಾಢಾ, ಉತ್ತರಾಭಾದ್ರಾ, ರೇವತಿ. ಇಬ್ಬರ ತಾರಾಬಲ ಎಣಿಸಿದಾಗ ಐದು ಉಳಿದವು. ರೋಹಿಣಿ, ಹಸ್ತಾ, ಸ್ವಾತಿ, ಅನುರಾಧಾ, ಉತ್ತರಾಭಾದ್ರಾ. ಈಗ ಚಂದ್ರಬಲ. ರೋಹಿಣಿ ದಿನ ಚಂದ್ರ ವೃಷಭದಲ್ಲಿ, ಹುಡುಗಿಗೆ ಎಂಟು, ಹೋಯಿತು. ಹಸ್ತಾ ಆಗಲೇ ಹೋಗಿತ್ತು. ಅನುರಾಧಾ ದಿನ ವೃಶ್ಚಿಕ, ಹುಡುಗನಿಗೆ ನಾಲ್ಕು. ಉತ್ತರಾಭಾದ್ರಾ ದಿನ ಮೀನ, ಹುಡುಗನಿಗೆ ಎಂಟು. ಉಳಿದದ್ದು ಸ್ವಾತಿ ಒಂದೇ. ಚಂದ್ರ ತುಲಾದಲ್ಲಿ, ಹುಡುಗಿಗೆ ಒಂದು, ಹುಡುಗನಿಗೆ ಮೂರು. ಯಾವ ಪಕ್ಷವಾದರೂ ತಕರಾರಿಲ್ಲ.

ಒಂದೇ ನಕ್ಷತ್ರ ಉಳಿದರೆ ಹುಡುಕೋದು ಕಷ್ಟ ಅಂದುಕೊಳ್ಳಬೇಡಿ, ಸುಲಭ. ತಿಂಗಳಿನ ಹೆಸರೇ ಹುಣ್ಣಿಮೆಯ ನಕ್ಷತ್ರ ಹೇಳುತ್ತದೆ, ಅಲ್ಲಿಂದ ದಿನಕ್ಕೊಂದರಂತೆ ಹಿಂದೆ ಮುಂದೆ ಎಣಿಸಿದರೆ ಆಯಿತು, ಒಂದು ದಿನ ಆಚೀಚೆ ಆಗಬಹುದು. ವೈಶಾಖ ಹುಣ್ಣಿಮೆ ವಿಶಾಖಾ, ಅದರ ಹಿಂದಿನ ದಿನ ಸ್ವಾತಿ. ಅಂದರೆ ಅವರು ಬುಕ್ ಮಾಡಿದ ಭಾನುವಾರ ಆಗಿ ಎರಡು ದಿನಕ್ಕೇ ಸ್ವಾತಿ ಇತ್ತು! ಆದರೆ ಚತುರ್ದಶಿ, ರಿಕ್ತಾ ತಿಥಿ, ಮದುವೆಗೆ ಬೇಡ. ಜ್ಯೇಷ್ಠದಲ್ಲಿ ದ್ವಾದಶಿ ಹೊತ್ತಿಗೆ ಬರುತ್ತದೆ, ತಿಥಿ ಚೆನ್ನಾಗಿದೆ, ಆದರೆ ಹುಡುಗ ಹುಡುಗಿ ಇಬ್ಬರೂ ಹಿರಿಮಕ್ಕಳು. ಹಿರಿಮಗ, ಹಿರಿಮಗಳು, ಜ್ಯೇಷ್ಠ ಮಾಸ, ಮೂರೂ ಸೇರಬಾರದು ಅಂತ ಇದೆ. ಜೊತೆಗೆ ಡೊಂಬಿವಲಿಯಲ್ಲಿ ಆಗ ಮಳೆ. ಮಾಘದಲ್ಲಿ? ಹುಣ್ಣಿಮೆಗೆ ಮಘಾ, ಅಲ್ಲಿಂದ ಐದು ದಿನಕ್ಕೆ ಸ್ವಾತಿ, ಬಹುಳ ಪಂಚಮಿ. ಆ ಸಲ ಫೆಬ್ರವರಿ ಕೊನೇ ವಾರದಲ್ಲಿ, ಬುಧವಾರ ಬಿತ್ತು. ಭಾನುವಾರ ಅಲ್ಲ ಅಂತ ಹುಡುಗನ ಅಪ್ಪನ ಮುಖ ಸಣ್ಣಗಾಯಿತು, ಬುಧವಾರದ ಹಾಲ್ ಬಾಡಿಗೆ ಕೇಳಿದ ಮೇಲೆ ಸರಿಹೋಯಿತು.

ಇಲ್ಲಿಗೆ ದಿನ ಸಿಕ್ಕಿತು, ಹೊತ್ತು ಸಿಕ್ಕಿಲ್ಲ. ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುವ ರಾಶಿ, ಸುಮಾರು ಎರಡು ಗಂಟೆಗೊಂದು ಬದಲಾಗುತ್ತದೆ. ಇಲ್ಲೂ ಇಬ್ಬರ ಜಾತಕ ಬೇಕು, ಯಾರ ರಾಶಿಯಿಂದಲೂ ಎಂಟನೆಯದು ಮುಹೂರ್ತ ಲಗ್ನ ಆಗಬಾರದು. ಹುಡುಗನಿಗೆ ಮೀನ ಎಂಟನೆಯದು, ಹುಡುಗಿಗೆ ವೃಷಭ. ಇವೆರಡರ ಮಧ್ಯದ ಮೇಷ ಬೆಳಗಿನ ಒಳ್ಳೇ ಹೊತ್ತಿಗೆ ಬರುತ್ತದೆ, ಆದರೆ ಅದರ ಏಳನೇ ಮನೆ ತುಲಾ, ಅಲ್ಲಿ ಚಂದ್ರ ಕೂತಿದ್ದಾನೆ. ಮದುವೆ ಲಗ್ನಕ್ಕೆ ಏಳನೇ ಮನೆ ಖಾಲಿ ಇರಬೇಕು, ಎಂಟನೆಯದೂ ಅಷ್ಟೇ. ಉಳಿದದ್ದು ಮಿಥುನ, ಅದರ ಏಳು ಎಂಟು, ಧನು ಮಕರ, ಆಗ ಖಾಲಿ ಇದ್ದವು. ಮುಂಬೈ ಕಡೆ ಆ ವಾರ ಅದು ಶುರುವಾಗೋದು ಮಧ್ಯಾಹ್ನ ಒಂದೂವರೆ ಹೊತ್ತಿಗೆ.

ಧಾರವಾಡದ ಕಾಕಾ ಫೋನಲ್ಲಿ ತಮ್ಮ ಪಂಚಾಂಗದ ಲಗ್ನದ ಟೈಮನ್ನೇ ಹಿಡಿದು ಕೂತರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಥಿ, ನಕ್ಷತ್ರ ಮುಗಿಯುವ ಗಳಿಗೆ ಇಡೀ ದೇಶಕ್ಕೆ ಒಂದೇ. ಸೂರ್ಯೋದಯ, ರಾಹುಕಾಲ, ಲಗ್ನ ಮಾತ್ರ ಊರೂರಿಗೆ ಬೇರೆ. ಸೂರ್ಯ ನೆತ್ತಿಗೆ ಬರೋದು ಬೆಂಗಳೂರಿಗಿಂತ ಮುಂಬೈಯಲ್ಲಿ ಸುಮಾರು 19 ನಿಮಿಷ ತಡ, ಧಾರವಾಡಕ್ಕಿಂತ 9 ನಿಮಿಷ. ಹಾಗಂತ ಎಲ್ಲ ಲಗ್ನಕ್ಕೂ 19 ಕೂಡಿಸಿಬಿಟ್ಟರೆ ಅದೂ ತಪ್ಪೇ, ಯಾಕೆಂದರೆ ಮುಂಬೈ ಉತ್ತರಕ್ಕೂ ಇದೆ. ಮಿಥುನದ ಶುರು ಬೆಂಗಳೂರಿಗೂ ಇಲ್ಲಿಗೂ ಏಳೆಂಟೇ ನಿಮಿಷ ವ್ಯತ್ಯಾಸ ಬರುತ್ತದೆ, ಧನುವಿಗೆ ಅರ್ಧ ಗಂಟೆ ಹತ್ತಿರ ಆಗುತ್ತದೆ. ಮದುವೆ ನಡೆಯುವ ಊರಿಗೇ ಲೆಕ್ಕ ಹಾಕಿಸಿ, ಲಗ್ನದ ಅಂಚಿನಲ್ಲಿ ಮುಹೂರ್ತ ಇಡಬೇಡಿ.

ಪುಣೆಯ ಗುರುಜಿ ಸೊಲ್ಲಾಪುರದ ದಾತೆ ಪಂಚಾಂಗದವರು, ಅದು ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಕ್ ಗಣಿತ. ಕಾಕಾನ ಮಠದ ಪಂಚಾಂಗ ಸೂರ್ಯಸಿದ್ಧಾಂತ ಅನ್ನೋ ಹಳೇ ಗ್ರಂಥದ ಲೆಕ್ಕದ್ದು. ಎರಡರಲ್ಲೂ ಚಿತ್ತಾ ಮುಗಿಯುವ ಹೊತ್ತಿಗೆ ತಾಸುಗಟ್ಟಲೆ ಅಂತರ. ಯಾವುದು ಸರಿ ಅಂತ ನಾನು ಪಂಚಾಯ್ತಿಗೆ ಕೂರಲಿಲ್ಲ. ಎರಡರ ಪ್ರಕಾರವೂ ಸ್ವಾತಿ ಇರುವ ಹೊತ್ತು ಯಾವುದು ನೋಡಿದೆ, ಮಧ್ಯಾಹ್ನಕ್ಕೆ ಎರಡರಲ್ಲೂ ಸ್ವಾತಿ ಬಂದಿತ್ತು. 1 ಗಂಟೆ 52 ನಿಮಿಷ ಅಂತ ಗೊತ್ತಾಯಿತು. ಗುರುಜಿ ಮೊದಲು ಗೋರಜ ಮುಹೂರ್ತ, ಅದೇ ನಮ್ಮ ಗೋಧೂಳಿ, ಇಟ್ಟುಕೊಳ್ಳೋಣ ಅಂದಿದ್ದರು, ಹಾಲ್ ನಾಲ್ಕು ಗಂಟೆಗೆ ಖಾಲಿ ಮಾಡಬೇಕಿತ್ತು, ಅಲ್ಲಿಗೆ ಆ ಮಾತು ಬಿಟ್ಟರು.

1.52ಕ್ಕೆ ಅಂತರಪಟ ಸರಿಯಿತು, ಅಕ್ಷತೆ ಬಿತ್ತು. ಹಸಿವು ತಡೆಯದ ಧಾರವಾಡದ ಮಂದಿಗೆ ಹನ್ನೆರಡಕ್ಕೇ ಒಂದು ಪಂಕ್ತಿ ಊಟ ಹಾಕಿಯಾಗಿತ್ತು. ಹಳೇ ಹಾಲಿನ ಇಪ್ಪತ್ತೈದು ಸಾವಿರ ಮಾತ್ರ ಇನ್ನೂ ಬಂದಿಲ್ಲ.