ಎನ್‌ಎ ಬೇರೆ, ಲಾಸ್ ಬೇರೆ

"ಎನ್‌ಎ ಜಾಸ್ತಿ ಇರೋ ಫೈಬರ್ ತಗೊಂಡ್ರೆ ಲಾಸ್ ಕಡಿಮೆ ಆಗುತ್ತೆ ಅಲ್ವಾ?"

ಇಲ್ಲ. ಆಗುವುದಿಲ್ಲ. ಹೆಚ್ಚಿನ ಸಲ ಜಾಸ್ತಿಯೇ ಆಗುತ್ತದೆ.

ಆಪ್ಟಿಕಲ್ ಫೈಬರ್ ಬಗ್ಗೆ ಬಾಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ. ನನಗೆ ಸಿಟ್ಟು ಬರುವುದು ಆ "ಅಲ್ವಾ" ಕೇಳಿದಾಗ. ಕೇಳುವವರು ಉತ್ತರವನ್ನು ಮೊದಲೇ ತೀರ್ಮಾನ ಮಾಡಿಕೊಂಡು, ನನ್ನಿಂದ ಒಂದು ಹೂಂ ಸಿಕ್ಕರೆ ಸಾಕು ಅಂತ ಬಂದಿರುತ್ತಾರೆ. ಹೂಂ ಅನ್ನಲು ಆಗುವುದಿಲ್ಲ. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಅಂತ ಹಿಡಿದಿರುವುದರಿಂದಲೇ ಈ ಪ್ರಶ್ನೆ ಹುಟ್ಟಿದೆ.

ನ್ಯೂಮರಿಕಲ್ ಅಪರ್ಚರ್, ಅಂದರೆ ಎನ್‌ಎ, ಫೈಬರಿನ ಬಾಗಿಲು ಎಷ್ಟು ಅಗಲ, ಅಂದರೆ ಎಷ್ಟು ಓರೆಯಾಗಿ ಬಂದ ಬೆಳಕನ್ನು ಅದು ಒಳಗೆ ಉಳಿಸಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಒಳಗೆ ಹೋದ ಮೇಲೆ ದಾರಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಅಂಕಿ ಇದೆ. ಅದು ಒಂದು ಕಿಲೋಮೀಟರಿಗೆ ಇಷ್ಟು ಡೆಸಿಬಲ್ ಅನ್ನುವ ಅಟೆನ್ಯುಯೇಷನ್. ಡೇಟಾಶೀಟಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಟ್ಟಿರುತ್ತಾರೆ.

ಒಂದು ಲೆಕ್ಕ ಮಾಡೋಣ. ಸ್ಟೆಪ್ ಇಂಡೆಕ್ಸ್ ಗಾಜಿನ ಫೈಬರ್. ಕೋರ್‌ನ ವಕ್ರೀಭವನ ಸೂಚ್ಯಂಕ 1.48, ಅದರ ಸುತ್ತಲಿನ ಕ್ಲಾಡಿಂಗ್‌ನದು 1.46. ಕೋರ್‌ನ ವ್ಯಾಸ 100 ಮೈಕ್ರಾನ್. ಸ್ಟೆಪ್ ಇಂಡೆಕ್ಸ್ ಅಂದರೆ ಕೋರ್ ಉದ್ದಕ್ಕೂ ಅಗಲಕ್ಕೂ ಒಂದೇ ಸೂಚ್ಯಂಕ, ಗಡಿಯಲ್ಲಿ ಮಾತ್ರ ಅದು ಥಟ್ಟನೆ ಇಳಿಯುತ್ತದೆ.

```
NA = √(n1² − n2²)
   = √(1.48² − 1.46²)
   = √0.0588 ≈ 0.24
θ  = sin⁻¹(0.2425) ≈ 14°
```

ಈ 14 ಡಿಗ್ರಿಯೇ ಸ್ವೀಕಾರ ಕೋನ. ಫೈಬರಿನ ನಡುಗೆರೆಯಿಂದ ಯಾವ ಕಡೆಗಾದರೂ 14 ಡಿಗ್ರಿಯೊಳಗೆ ಬಂದ ಕಿರಣ ಒಳಗೆ ಉಳಿಯುತ್ತದೆ. ಗಾಳಿಯಿಂದ ಗಾಜಿಗೆ ಹೋಗುವಾಗ ಅದು ಬಾಗಿ 9.4 ಡಿಗ್ರಿಯೊಳಗೆ ಇಳಿಯುತ್ತದೆ, ಗಡಿಗೆ ಬಡಿಯುವಾಗ ಕ್ರಾಂತಿಕೋನ ದಾಟಿರುತ್ತದೆ, ಪೂರ್ಣ ಪ್ರತಿಫಲನವಾಗುತ್ತದೆ. 14ಕ್ಕಿಂತ ಓರೆಯಾಗಿ ಬಂದದ್ದೂ ಗಾಜಿನೊಳಗೆ ಹೋಗುತ್ತದೆ, ಆದರೆ ಕೋರ್‌ನಲ್ಲಿ ನಿಲ್ಲದೆ ಕ್ಲಾಡಿಂಗ್‌ಗೆ ಸೋರುತ್ತದೆ. ಈ ಸೋರಿದ ಬೆಳಕನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಇದರ ಬಾಯಿಗೆ ಒಂದು ಎಲ್‌ಇಡಿ ತಾಗಿಸಿ ಇಡೋಣ. ಸಾಮಾನ್ಯ ಎಲ್‌ಇಡಿಯ ಮೇಲ್ಮೈ ಎಲ್ಲಾ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಅದರ ಬೆಳಗುವ ಭಾಗ ಕೋರ್‌ಗಿಂತ ಚಿಕ್ಕದಿದ್ದರೆ, ಒಳಗೆ ಹೋಗುವ ಪಾಲು ಹೆಚ್ಚುಕಡಿಮೆ ಎನ್‌ಎಯ ವರ್ಗದಷ್ಟು. ಅಂದರೆ 0.0588, ಶೇಕಡಾ 6ಕ್ಕೂ ಕಡಿಮೆ! ಒಂದು ಮಿಲಿವ್ಯಾಟ್ ಕೊಟ್ಟರೆ 59 ಮೈಕ್ರೋವ್ಯಾಟ್ ಮಾತ್ರ ಒಳಗೆ. ಡೆಸಿಬಲ್‌ನಲ್ಲಿ ಹೇಳಿದರೆ 12.3 ಡಿಬಿ ಬಾಗಿಲಲ್ಲೇ ಹೋಯಿತು. ಫೈಬರ್ ಇನ್ನೂ ಒಂದು ಮಿಲಿಮೀಟರ್ ಕೂಡ ಶುರುವಾಗಿಲ್ಲ.

ಇಲ್ಲಿಯೇ ಜನ ಎಡವುವುದು. ಒಮ್ಮೆ ಒಂದು ಲ್ಯಾಬ್‌ಗೆ ನನ್ನನ್ನು ಕರೆಸಿದ್ದರು. ಫೈಬರ್ ಕೆಟ್ಟಿದೆ, ಇಡೀ ಸುರುಳಿ ವಾಪಸ್ ಕಳಿಸಬೇಕು ಅಂತ ಗಲಾಟೆ. ಹೆಚ್ಚುಕಡಿಮೆ ಇದೇ ಥರದ ಫೈಬರ್. 10 ಮೀಟರ್ ತುಂಡು ಕತ್ತರಿಸಿ ಒಂದು ತುದಿಗೆ 1 ಮಿಲಿವ್ಯಾಟಿನ ಎಲ್‌ಇಡಿ, ಇನ್ನೊಂದಕ್ಕೆ ಪವರ್ ಮೀಟರ್ ಹಾಕಿದ್ದರು. ಮೀಟರ್ ತೋರಿಸಿದ್ದು 50 ಮೈಕ್ರೋವ್ಯಾಟ್. ಅಂದರೆ 13 ಡಿಬಿ ಕಡಿಮೆ. ಅದನ್ನು 10 ಮೀಟರಿಗೆ ಹಂಚಿ, ಕಿಲೋಮೀಟರಿಗೆ 1300 ಡಿಬಿ ಅಂತ ವರದಿ ಬರೆದು ಸಹಿಯನ್ನೂ ಹಾಕಿಬಿಟ್ಟಿದ್ದರು. "ಎನ್‌ಎ ಜಾಸ್ತಿ ಇರೋದನ್ನ ತರಿಸಿದ್ರೆ ಈ ಲಾಸ್ ಇರ್ತಿರ್ಲಿಲ್ಲ ಅಲ್ವಾ ಸರ್?" ಅಂದರು.

ಅಲ್ಲ! ಕಿಲೋಮೀಟರಿಗೆ 1300 ಡಿಬಿ ಅಂದರೆ ನೂರು ಮೀಟರಿಗೆ 130 ಡಿಬಿ. ಆ ಮಿಲಿವ್ಯಾಟಿನಲ್ಲಿ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಚೆ ಬರಬಾರದು. ಸುರುಳಿಯಲ್ಲಿ ಉಳಿದದ್ದು ಒಂದು ಕಿಲೋಮೀಟರಿನಷ್ಟಿತ್ತು. ಅದರ ಒಂದು ತುದಿಗೆ ಅದೇ ಎಲ್‌ಇಡಿ ಹಾಕಿ ಇನ್ನೊಂದು ತುದಿಗೆ ಮೀಟರ್ ಇಟ್ಟರೆ ಆರಾಮಾಗಿ ಓದುತ್ತಿತ್ತು. ಅಷ್ಟಕ್ಕೇ ವರದಿ ತಪ್ಪು ಅಂತ ಗೊತ್ತಾಗಬೇಕಿತ್ತು.

ಆ 13 ಡಿಬಿಯನ್ನು ಬಿಡಿಸಿ ನೋಡಿ. 12.3 ಹೋದದ್ದು ಸ್ವೀಕಾರ ಕೋನದ ಆಚೆ. ಗಾಳಿ ಮತ್ತು ಗಾಜು ಸೇರುವ ಪ್ರತಿ ಮುಖದಲ್ಲೂ ಸುಮಾರು ಶೇಕಡಾ 4 ಬೆಳಕು ವಾಪಸ್ ಪುಟಿಯುತ್ತದೆ, ಎರಡು ತುದಿಗೆ ಸೇರಿ 0.3 ಡಿಬಿ ಆಯಿತು. ತುದಿ ಸರಿಯಾಗಿ ಕತ್ತರಿಸದೆ, ನೇರಕ್ಕೆ ಕೂರದೆ ಹೋದದ್ದು ಉಳಿದ ಚೂರುಪಾರು. ಗಾಜಿನೊಳಗೆ 10 ಮೀಟರಿನಲ್ಲಿ ಹೋದದ್ದು? 850 ನ್ಯಾನೋಮೀಟರಿನಲ್ಲಿ ಇಂಥ ಫೈಬರಿಗೆ ಕಿಲೋಮೀಟರಿಗೆ 3 ಡಿಬಿ ಅಂತ ಹಿಡಿದರೆ 0.03 ಡಿಬಿ. ಬಾಗಿಲಿನ ತಪ್ಪನ್ನೆಲ್ಲ ದಾರಿಯ ತಲೆಗೆ ಕಟ್ಟಿದ್ದರು.

ಸರಿ, ಎನ್‌ಎ ಹೆಚ್ಚಿಸಿದರೆ ಬಾಗಿಲಲ್ಲಾದರೂ ಉಳಿಯುತ್ತದಲ್ಲ ಅಂತೀರಿ. ಉಳಿಯುತ್ತದೆ, ಒಪ್ಪುತ್ತೇನೆ. ಪಿಎಂಎಂಎ ಪ್ಲಾಸ್ಟಿಕ್ ಫೈಬರ್ ತಗೊಳ್ಳಿ. ಕೋರ್ 1.49, ಕ್ಲಾಡಿಂಗ್ 1.40 ಅಂತ ಹಿಡಿದರೆ ಎನ್‌ಎ 0.51, ಸ್ವೀಕಾರ ಕೋನ 30 ಡಿಗ್ರಿ ದಾಟುತ್ತದೆ. ಎಲ್‌ಇಡಿಯ ಕಾಲು ಭಾಗ ಒಳಗೆ ಬರುತ್ತದೆ. ಗಾಜಿಗಿಂತ 6.5 ಡಿಬಿ ಲಾಭ. ಆದರೆ ಆ ಪ್ಲಾಸ್ಟಿಕ್‌ಗೆ ಸೂಕ್ತವಾದ 650 ನ್ಯಾನೋಮೀಟರಿನ ಕೆಂಪು ಬೆಳಕಿನಲ್ಲೂ ಕಿಲೋಮೀಟರಿಗೆ ಸುಮಾರು 150 ಡಿಬಿ ಹೋಗುತ್ತದೆ. ಬಾಗಿಲಲ್ಲಿ ಗಳಿಸಿದ ಅಷ್ಟೂ 44 ಮೀಟರಿನಲ್ಲಿ ಖಾಲಿ. ಅದರಾಚೆ ಪ್ರತಿ ಮೀಟರೂ ನಷ್ಟವೇ. ಕಾರಿನೊಳಗಿನ ವೈರಿಂಗ್‌ನಂಥ ಹತ್ತಿಪ್ಪತ್ತು ಮೀಟರ್ ಕೆಲಸಕ್ಕೆ ಪ್ಲಾಸ್ಟಿಕ್ ಚೆನ್ನಾಗಿ ಒಗ್ಗುವುದೂ, ಊರಿಂದ ಊರಿಗೆ ಅದನ್ನು ಯಾರೂ ಎಳೆಯದಿರುವುದೂ ಇದಕ್ಕೇ.

ಇದು ಪ್ಲಾಸ್ಟಿಕ್‌ನ ದೋಷ, ಎನ್‌ಎಯದ್ದಲ್ಲ ಅಂತ ವಾದ ಬರುತ್ತದೆ. ಅರ್ಧ ಸರಿ. ಆದರೆ ಗಾಜಿನಲ್ಲೂ ಎನ್‌ಎ ಪುಕ್ಕಟೆ ಬರುವುದಿಲ್ಲ. ಕೋರ್‌ನ ಸೂಚ್ಯಂಕ ಏರಿಸಲು ಸಿಲಿಕಾಗೆ ಜರ್ಮೇನಿಯಂ ಆಕ್ಸೈಡ್ ಬೆರೆಸುತ್ತಾರೆ. ಅದು ಜಾಸ್ತಿಯಾದಷ್ಟೂ ಗಾಜಿನಲ್ಲಿ ಬೆಳಕು ಚದುರುವುದೂ ಜಾಸ್ತಿ. ಇನ್ನೊಂದು, ಎನ್‌ಎ ಹೆಚ್ಚಿಸಿ ನೀವು ಒಳಗೆ ಬಿಟ್ಟುಕೊಳ್ಳುವ ಹೊಸ ಕಿರಣಗಳೆಲ್ಲ ಓರೆ ಕಿರಣಗಳೇ. ನಮ್ಮ ಗಾಜಿನ ಫೈಬರಿನಲ್ಲೇ ತೀರಾ ಅಂಚಿನ ಕಿರಣ ಒಂದು ಮೀಟರ್ ಸಾಗುವಷ್ಟರಲ್ಲಿ ಗಡಿಗೆ ಸುಮಾರು 1660 ಸಲ ಬಡಿಯುತ್ತದೆ. ಗಡಿ ಪೂರ್ತಿ ನಯವಾಗಿದ್ದರೆ ತೊಂದರೆಯಿಲ್ಲ. ಎಲ್ಲಾದರೂ ಸಣ್ಣ ಒರಟು, ಸಣ್ಣ ಬಾಗು ಸಿಕ್ಕಿತೋ, ಮೊದಲು ಆಚೆ ಬೀಳುವುದು ಇವೇ.

ಪಲ್ಸ್ ಹರಡುವ ಕಥೆಯೂ ಇದೆ. ನೇರ ಹೋದ ಕಿರಣಕ್ಕೂ ಅಂಚಿನ ಕಿರಣಕ್ಕೂ ನಮ್ಮ ಗಾಜಿನಲ್ಲಿ ಕಿಲೋಮೀಟರಿಗೆ 68 ನ್ಯಾನೋಸೆಕೆಂಡ್ ಅಂತರ ಬೀಳುತ್ತದೆ. ಆ ಪ್ಲಾಸ್ಟಿಕ್ ಸೂಚ್ಯಂಕಗಳಿಗೆ ಸುಮಾರು 320. ಮೀಟರಿನಲ್ಲಿ ಪವರ್ ಧಾರಾಳ ಇದ್ದರೂ ಬಿಟ್‌ಗಳು ಒಂದರ ಮೇಲೊಂದು ಬಿದ್ದು ಸಿಗ್ನಲ್ ಹಾಳಾಗಬಹುದು. ಅದು ಲಾಸ್ ಅಲ್ಲ, ಅದನ್ನು ಡಿಬಿಯಲ್ಲಿ ಹುಡುಕಬೇಡಿ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಇದು: ಬಾಗಿಲಲ್ಲಿ ಹೋದದ್ದೆಷ್ಟು, ದಾರಿಯಲ್ಲಿ ಹೋದದ್ದೆಷ್ಟು ಅಂತ ಬೇರ್ಪಡಿಸುವುದು ಹೇಗೆ? ಇದನ್ನು ಕೇಳಿದವರು ತೀರಾ ಕಡಿಮೆ. ಕೇಳಿದ್ದರೆ ಖುಷಿಯಾಗಿ ಇಡೀ ಸಂಜೆ ಹೇಳುತ್ತಿದ್ದೆ.

ಕಟ್‌ಬ್ಯಾಕ್ ಅನ್ನುವ ವಿಧಾನ ಇದೆ. ಉದ್ದದ ಫೈಬರ್ ಬೇಕು, 10 ಮೀಟರ್ ಸಾಲದು. ಆ ಲ್ಯಾಬ್‌ನಲ್ಲಿ ಒಂದು ಕಿಲೋಮೀಟರಿನ ಸುರುಳಿಯಲ್ಲಿ ಮಾಡಿ ತೋರಿಸಿದೆ. ಮೊದಲು ದೂರದ ತುದಿಯಲ್ಲಿ ಅಳೆಯಬೇಕು. ಬಂದದ್ದು 25 ಮೈಕ್ರೋವ್ಯಾಟ್. ಆಮೇಲೆ ಎಲ್‌ಇಡಿಯ ಕಡೆ ಬೆರಳೂ ತಾಗಿಸದೆ, ಅಲ್ಲಿಂದ ಎರಡು ಮೀಟರ್ ದೂರದಲ್ಲಿ ಫೈಬರನ್ನು ಕತ್ತರಿಸಿ ಆ ತುದಿಯಲ್ಲಿ ಅಳೆಯಬೇಕು. ಬಂದದ್ದು 50. ಅರ್ಧಕ್ಕೆ ಇಳಿದಿದೆ, ಅಂದರೆ ಒಂದು ಕಿಲೋಮೀಟರಿಗೆ 3 ಡಿಬಿ. ಬಾಗಿಲಲ್ಲಿ ಎಷ್ಟೇ ಹೋಗಿದ್ದರೂ ಎರಡೂ ಅಳತೆಯಲ್ಲಿ ಅದು ಒಂದೇ, ಭಾಗಿಸುವಾಗ ತಾನಾಗಿ ಹೊರಟುಹೋಗುತ್ತದೆ. ಅದಕ್ಕೇ ಎಲ್‌ಇಡಿ ಕಡೆ ಅಲುಗಾಡಿಸಬಾರದು ಅನ್ನುವುದು. ಅಲುಗಿದರೆ ಅಳತೆಗೆ ಅರ್ಥವೇ ಇಲ್ಲ, ಮತ್ತೆ ಮೊದಲಿಂದ.

ಒಂದು ಮೋಸ ಇಲ್ಲೂ ಇದೆ. ಕ್ಲಾಡಿಂಗ್‌ಗೆ ಸೋರಿದ ಬೆಳಕು ಅಂದೆನಲ್ಲ, ಅದು ಎರಡು ಮೀಟರ್ ತುಂಡಿನಲ್ಲಿ ಪೂರ್ತಿ ಸತ್ತಿರುವುದಿಲ್ಲ. ಸಿಲಿಕೋನ್‌ನಂಥ ಕಡಿಮೆ ಸೂಚ್ಯಂಕದ ಕೋಟಿಂಗ್ ಇದ್ದರಂತೂ ಕ್ಲಾಡಿಂಗ್‌ನಲ್ಲೇ ಸಿಕ್ಕಿಹಾಕಿಕೊಂಡು ಪವರ್ ಮೀಟರ್‌ವರೆಗೂ ಬರುತ್ತದೆ. ಆಗ ಹತ್ತಿರದ ಅಳತೆ ಉಬ್ಬುತ್ತದೆ, ಫೈಬರಿನ ಲಾಸ್ ಇಲ್ಲದ್ದು ಇದ್ದಂತೆ ಕಾಣುತ್ತದೆ. ಎಲ್‌ಇಡಿಯ ಹತ್ತಿರ ಒಂದಿಷ್ಟು ಉದ್ದ ಕೋಟಿಂಗ್ ಸುಲಿದು ಗ್ಲಿಸರಿನ್‌ನಲ್ಲಿ ಮುಳುಗಿಸಿ. ಗ್ಲಿಸರಿನ್‌ನ ಸೂಚ್ಯಂಕ 1.47, ನಮ್ಮ ಕ್ಲಾಡಿಂಗ್‌ಗಿಂತ ಜಾಸ್ತಿ, ಹಾಗಾಗಿ ಕ್ಲಾಡಿಂಗ್‌ನ ಬೆಳಕು ಆಚೆ ಹರಿದುಹೋಗುತ್ತದೆ. ಕೋರ್‌ನ ಅಂಚಿನ ಕಿರಣಗಳನ್ನು ಕಳೆಯಲು ಅದೇ ಕಡೆ ಫೈಬರನ್ನು ಒಂದು ನಯವಾದ ಕೊಳವೆಗೆ ನಾಲ್ಕೈದು ಸುತ್ತು ಸುತ್ತಬೇಕು. ಸುತ್ತಿದಾಗ ಮೀಟರ್ ಸ್ವಲ್ಪ ಇಳಿಯುತ್ತದೆ. ಮತ್ತೊಂದು ಸುತ್ತು ಹಾಕಿದರೂ ಹೆಚ್ಚು ಇಳಿಯದಿದ್ದರೆ ಉಳಿದದ್ದು ದೂರ ಹೋಗುವ ಬೆಳಕು ಅಂತ ನಂಬಬಹುದು. ಇದನ್ನೆಲ್ಲ ದೂರದ ತುದಿ ಅಳೆಯುವ ಮೊದಲೇ ಮಾಡಿ ಹಾಗೇ ಬಿಟ್ಟಿರಬೇಕು.

ಇಷ್ಟಾದ ಮೇಲೂ ಎನ್‌ಎ ಕಾರಣಕ್ಕೇ ಲಾಸ್ ಆಗುವ ಜಾಗ ತೋರಿಸಿ ಅಂದರೆ, ಜೋಡಣೆ ತೋರಿಸುತ್ತೇನೆ. ಒಂದೇ ಕೋರ್ ವ್ಯಾಸದ ಎರಡು ಫೈಬರ್, ಒಂದರ ಎನ್‌ಎ 0.51, ಇನ್ನೊಂದರದು 0.24. ದೊಡ್ಡದರ ಕೋನ ಪೂರ್ತಿ ತುಂಬಿ ಬಂದ ಬೆಳಕು ಚಿಕ್ಕದಕ್ಕೆ ದಾಟುವಾಗ 6 ಡಿಬಿಗೂ ಜಾಸ್ತಿ ಹೋಗುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವಾಗ ಈ ಕಾರಣಕ್ಕೆ ಏನೂ ಹೋಗುವುದಿಲ್ಲ. ಆದ್ದರಿಂದ ಕೋರ್ ವ್ಯಾಸ ಒಂದೇ ಇರುವ ಜೋಡಣೆ ಒಂದು ದಿಕ್ಕಿನಿಂದ ಅಳೆದರೆ ಚೆನ್ನಾಗಿದ್ದು, ತಿರುಗಿಸಿ ಅಳೆದರೆ ಕೆಟ್ಟಂತೆ ಕಂಡರೆ, ಕನೆಕ್ಟರ್ ಉಜ್ಜುತ್ತಾ ಕೂರಬೇಡಿ. ಎರಡೂ ಫೈಬರಿನ ಡೇಟಾಶೀಟ್ ತೆಗೆದು ಎನ್‌ಎ ಸಾಲು ನೋಡಿ.