ತರಬೇತಿ ಫಲಿಸಿತೋ ಇಲ್ಲವೋ, ಹಿಂಬರಹ ಹೇಳುತ್ತದೆ

"ಸಾರ್, ಗವರ್ನಮೆಂಟ್ ಕೆಲಸಕ್ಕೆ ಸೇರುವಾಗಲೇ ಟ್ರೇನಿಂಗ್ ಕೊಟ್ಟಿರ್ತಾರಲ್ಲ, ಆಮೇಲೆ ಮತ್ತೆ ಮತ್ತೆ ಯಾಕೆ ಕಳಿಸ್ತಾರೆ? ಕಳಿಸಿದ್ರಿಂದ ಏನಾದ್ರೂ ಆಯ್ತಾ ಅಂತ ಯಾರಾದ್ರೂ ನೋಡ್ತಾರಾ?"

ನಿವೃತ್ತಿಯಾದ ಮೇಲೆ ನಾನು ಆಗಾಗ ಮಾಹಿತಿ ಹಕ್ಕು ಕಾಯ್ದೆಯ ಬಗ್ಗೆ ನೌಕರರಿಗೆ ಪಾಠ ಮಾಡಲು ಹೋಗುತ್ತೇನೆ. ಹಾಗಾಗಿ ರಾಜಾಜಿನಗರದ ಪಾರ್ಕಿನಲ್ಲಿ ವಾಕಿಂಗ್‌ಗೆ ಸಿಗುವವರೆಲ್ಲ ಈ ಪ್ರಶ್ನೆಯನ್ನು ನನ್ನ ಮೇಲೇ ಎಸೆಯುತ್ತಾರೆ. ಉತ್ತರವನ್ನೂ ಆ ಕಾಯ್ದೆಯಿಂದಲೇ ಹೇಳುತ್ತೇನೆ, ನನಗೆ ಗೊತ್ತಿರುವ ಗದ್ದೆ ಅದು.

ಹೊಸದಾಗಿ ಸೇರಿದವರಿಗೆ ಕೊಡುವುದು ಬುನಾದಿ ತರಬೇತಿ. ಗೆಜೆಟೆಡ್ ಪ್ರೊಬೇಷನರುಗಳು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಹೋಗುತ್ತಾರೆ, ಗುಮಾಸ್ತರು ಜಿಲ್ಲಾ ತರಬೇತಿ ಸಂಸ್ಥೆಗೆ. ಸೇವಾ ನಿಯಮಾವಳಿ, ಟಿಪ್ಪಣಿ ಬರೆಯುವ ಕ್ರಮ, ಖಜಾನೆ, ಶಿಸ್ತು ಕ್ರಮ, ಮಾಹಿತಿ ಹಕ್ಕು, ಎಲ್ಲವನ್ನೂ ಒಂದೊಂದು ಅವಧಿಯಲ್ಲಿ ಮುಟ್ಟಿಸಿ ಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೇಳಿಸಿಕೊಳ್ಳುವವರ ಟೇಬಲ್ಲಿಗೆ ಇನ್ನೂ ಒಂದು ಕಡತವೂ ಬಂದಿರುವುದಿಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೊಟ್ಟ ಹಾಗೆ. ಯಾವ ಪುಸ್ತಕದಲ್ಲಿ ಹುಡುಕಬೇಕು ಅನ್ನುವಷ್ಟು ನೆನಪು ಉಳಿದರೆ ಬುನಾದಿ ತರಬೇತಿ ತನ್ನ ಕೆಲಸ ಮಾಡಿದೆ ಎಂದೇ ನನ್ನ ಲೆಕ್ಕ. ಅದನ್ನು ಪರೀಕ್ಷೆಯಿಂದ ಅಳೆಯಬಹುದು, ಇಲಾಖಾ ಪರೀಕ್ಷೆಗಳು ಅಳೆಯುತ್ತಲೂ ಇವೆ.

ಸೇವೆಯಲ್ಲಿರುವಾಗ ಕೊಡುವ ತರಬೇತಿ ಬೇರೆ ಜಾತಿಯದು. ಒಂದು ಕಾರಣ, ಕಾನೂನು ಬದಲಾಗುತ್ತದೆ. ವೈಯಕ್ತಿಕ ಮಾಹಿತಿ ಕೊಡದಿರಲು ಅಧಿಕಾರಿಗಳು ಸದಾ ಹಿಡಿದುಕೊಳ್ಳುವ 8(1)(ಜೆ) ಕಲಮಿನ ಪದಗಳನ್ನೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬದಲಿಸಿದೆ. ಹತ್ತು ವರ್ಷದ ಹಿಂದೆ ಬುನಾದಿಯಲ್ಲಿ ಕಲಿತವರ ನೋಟ್ಸಿನಲ್ಲಿ ಹಳೆಯ ಕಲಮೇ ಇದೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು: ಈಗ ಅವರು ಕೆಲಸ ಮಾಡಿದ್ದಾರೆ, ತಪ್ಪನ್ನೂ ಮಾಡಿದ್ದಾರೆ. ತಪ್ಪು ಕೈಯಲ್ಲಿ ಹಿಡಿದು ಬಂದವರಿಗೆ ಪಾಠ ಮಾಡುವ ಸುಖವೇ ಬೇರೆ.

ಒಂದು ಮಾದರಿ ನೋಡಿ. ನಾಗರಬಾವಿಯ ಒಂದು ನಿವೇಶನದ ಕಟ್ಟಡ ಪರವಾನಗಿ ಕಡತದ ದೃಢೀಕೃತ ಪ್ರತಿ ಬೇಕೆಂದು ಒಬ್ಬರು ಅರ್ಜಿ ಹಾಕಿದ್ದಾರೆ ಅಂದುಕೊಳ್ಳಿ. ಕಡತದಲ್ಲಿ 40 ಹಾಳೆ, ಅದರಲ್ಲಿ ಒಂದು ಹಾಳೆ ಮಾಲೀಕರ ಆಧಾರ್ ನಕಲು. ಕಚೇರಿಯಿಂದ ಹಿಂಬರಹ ಹೊರಡುತ್ತದೆ: "ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, ಕಲಂ 8(1)(ಜೆ) ರನ್ವಯ ನೀಡಲು ಅವಕಾಶವಿರುವುದಿಲ್ಲ." ಅಷ್ಟೇ, ಕೆಳಗೆ ಸಹಿ.

ಇದರಲ್ಲಿ ಎರಡು ಬಗೆಯ ತಪ್ಪಿದೆ. ಅರ್ಜಿ ತಿರಸ್ಕರಿಸಿದರೆ ಕಲಂ 7(8)ರ ಪ್ರಕಾರ ಮೂರು ವಿಷಯ ಬರೆಯಲೇಬೇಕು: ಕಾರಣ, ಮೇಲ್ಮನವಿಗೆ ಎಷ್ಟು ದಿನ, ಮೇಲ್ಮನವಿ ಪ್ರಾಧಿಕಾರಿ ಯಾರು. ಇಲ್ಲಿ ಕೊನೆಯ ಎರಡೂ ಇಲ್ಲ, ಮೊದಲನೆಯದೂ ಕಲಮಿನ ಸಂಖ್ಯೆಗೇ ನಿಂತಿದೆ. ಇನ್ನೊಂದು, ಕಲಂ 10ನ್ನು ಯೋಚಿಸಿಯೇ ಇಲ್ಲ. ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು ಆ ಕಲಂ ಹೇಳುತ್ತದೆ. ಆಧಾರ್ ಹಾಳೆ ತೆಗೆದಿಟ್ಟು, ಮಿಕ್ಕ 39ನ್ನು ಒಂದೊಂದಾಗಿ ನೋಡಿ ಕೊಡಬಹುದಾದುದನ್ನೆಲ್ಲ ಕೊಡಬೇಕಿತ್ತು.

ಈಗ ಎರಡು ದಿನ ತರಬೇತಿ ಕೊಟ್ಟೆವು. ಫಲ ಹೇಗೆ ತಿಳಿಯುವುದು? ಸಮಾರೋಪದ ಹೊತ್ತಿಗೆ ಫೀಡ್‌ಬ್ಯಾಕ್ ಫಾರಂ ಹಂಚುತ್ತಾರೆ, ಎಲ್ಲರೂ "ಅತ್ಯುತ್ತಮ" ಎಂದು ಟಿಕ್ ಹಾಕಿ ಬಸ್ಸು ಹಿಡಿಯುತ್ತಾರೆ. ನನಗೆ ಅತಿ ಹೆಚ್ಚು ಅಂಕ ಬಂದ ದಿನ ಊಟಕ್ಕೆ ಹೋಳಿಗೆ ಇತ್ತು ಅನ್ನುವುದನ್ನು ಮರೆತಿಲ್ಲ. ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕೆಂದು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು: ಹಿಡಿಸಿತೇ, ಕಲಿತರೇ, ಕಚೇರಿಯಲ್ಲಿ ಹಾಗೆ ಮಾಡುತ್ತಿದ್ದಾರೆಯೇ, ಅದರಿಂದ ಜನಕ್ಕೆ ಏನಾಯಿತು. ನಮ್ಮಲ್ಲಿ ಹೆಚ್ಚಿನ ಅಳತೆ ಮೊದಲ ಎರಡು ಮೆಟ್ಟಿಲಲ್ಲೇ ಕೂತುಬಿಡುತ್ತದೆ. ವಾರ್ಷಿಕ ವರದಿಗೆ ಎಷ್ಟು ಜನ, ಎಷ್ಟು ಮಾನವ ದಿನ ಅಂತ ಬರೆದರೆ ಮುಗಿಯಿತು. 2020ರಲ್ಲಿ ಶುರುವಾದ ಮಿಷನ್ ಕರ್ಮಯೋಗಿಯ ಆನ್‌ಲೈನ್ ಕೋರ್ಸುಗಳು ಹುದ್ದೆಗೆ ತಕ್ಕ ಕಲಿಕೆ ಕೊಡಲು ಹೊರಟಿವೆ, ಸರಿಯಾದ ದಿಕ್ಕೇ. ಆದರೆ ಕೋರ್ಸು ಮುಗಿಸಿದ ಸರ್ಟಿಫಿಕೇಟುಗಳನ್ನು ಎಣಿಸಿದರೆ ಆ ಎಣಿಕೆಯೂ ಅದೇ ಮೆಟ್ಟಿಲಿನದು.

ಮೂರನೆಯ ಮೆಟ್ಟಿಲಿಗೆ ಕಡತ ತೆಗೆಯಬೇಕು. ತರಬೇತಿಗೆ ಮೊದಲಿನ 20 ತಿರಸ್ಕಾರದ ಹಿಂಬರಹ, ಆರು ತಿಂಗಳು ಕಳೆದ ಮೇಲಿನ 20. ಒಂದೊಂದರಲ್ಲೂ 7(8)ರ ಮೂರು ಅಂಶ ಇದೆಯೇ, ಕಲಂ 10 ಯೋಚಿಸಿದ್ದಾರೆಯೇ ಎಂದಷ್ಟೇ ಗುರುತು ಹಾಕಿ. ಲೆಕ್ಕ ಅರ್ಥವಾಗಲೆಂದು ಅಂಕಿಗಳನ್ನು ನಾನೇ ಹಾಕಿಕೊಳ್ಳುತ್ತೇನೆ. ಮೂರೂ ಅಂಶ ಇದ್ದ ಹಿಂಬರಹ ಮೊದಲು 6, ಈಗ 16. ಭಲೇ ಅನ್ನಿಸುತ್ತದೆ. ತಡೆಯಿರಿ, ತರಬೇತಿಗೆ ಯಾರನ್ನೂ ಕಳಿಸದ ಇನ್ನೊಂದು ಕಚೇರಿಯನ್ನೂ ನೋಡಿ: ಅಲ್ಲಿ 5 ಇದ್ದದ್ದು 13 ಆಗಿದೆ. ಯಾಕೆ ಎಂದು ಕೇಳಿದರೆ, ಮಧ್ಯೆ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು, ಜೊತೆಗೆ ಹಿಂಬರಹದ ನಮೂನೆ. ಖಾಲಿ ಜಾಗ ತುಂಬಿದರೆ ಸಾಕು, ಮೇಲ್ಮನವಿಯ ವಿವರ ತಾನಾಗಿಯೇ ಇರುತ್ತದೆ. ಅಂದರೆ ನಮ್ಮ 10ರ ಏರಿಕೆಯಲ್ಲಿ 8 ಸುತ್ತೋಲೆಯದು, ತರಬೇತಿಗೆ ಉಳಿದದ್ದು 2.

ಕಲಂ 10ರ ಕಥೆ ಬೇರೆ. ತರಬೇತಿ ಪಡೆದ ಕಡೆ 2 ಇದ್ದದ್ದು 9, ಪಡೆಯದ ಕಡೆ 2 ಇದ್ದದ್ದು 3. ಯಾವ ಹಾಳೆ ತೆಗೆಯಬೇಕು, ಯಾವುದನ್ನು ಕೊಡಬೇಕು ಅನ್ನುವುದು ಯಾವ ನಮೂನೆಯಲ್ಲೂ ಬರುವುದಿಲ್ಲ. ಅದಕ್ಕೆ ಯಾರಾದರೂ ನಾಲ್ಕು ನಿಜವಾದ ಕಡತ ಮುಂದಿಟ್ಟು ಜೊತೆಯಲ್ಲಿ ಕೂತು ತಿರುವಿ ಹಾಕಿಸಬೇಕು. ಹಾಗಾಗಿ ಈ ಎಣಿಕೆಯಿಂದ ತರಬೇತಿ ಒಳ್ಳೆಯದೋ ಕೆಟ್ಟದೋ ಎಂಬ ತೀರ್ಪಿಗಿಂತ ಉಪಯೋಗದ ವಿಷಯ ಒಂದು ಸಿಗುತ್ತದೆ. ಮೇಲ್ಮನವಿಯ ವಿಳಾಸ ಬರೆಯುವುದನ್ನು ಕಲಿಸಲು ಎರಡು ದಿನ ಜನರನ್ನು ಕೂರಿಸುವುದು ದಂಡ, ಆ ಹೊತ್ತನ್ನೂ ಕಲಂ 10ಕ್ಕೇ ಕೊಡಬೇಕು. 20ರ ಲೆಕ್ಕ ಸಣ್ಣದು, ನಿಜ. ಒಬ್ಬ ಚುರುಕಾದ ಕೇಸ್ ವರ್ಕರ್ ವರ್ಗಾವಣೆಯಾದರೆ ತಲೆಕೆಳಗಾಗುತ್ತದೆ. ತರಬೇತಿಗೆ ಯಾರನ್ನು ಕಳಿಸಿದ್ದರು ಅನ್ನುವುದನ್ನೂ ಕೇಳಬೇಕು. ಕೆಲಸ ಹೆಚ್ಚಿರುವವರನ್ನು ಯಾವ ಕಚೇರಿಯೂ ಬಿಟ್ಟುಕೊಡುವುದಿಲ್ಲ, ಬಿಟ್ಟರೂ ನಡೆಯುತ್ತದೆ ಅನ್ನುವವರನ್ನೇ ನಿಯೋಜಿಸುತ್ತಾರೆ. ಹಿಂಬರಹ ಬರೆಯದವರೇ ಬಂದು ಕೂತಿದ್ದರೆ ಹಿಂಬರಹ ಹೇಗೆ ಸುಧಾರಿಸೀತು?

ಇನ್ನು, ಯಾರಾದರೂ ನೋಡುತ್ತಾರಾ ಅಂದಿರಲ್ಲ. ನೋಡುವವರು ಕಡಿಮೆ. ಪಾಠ ಮಾಡುವವರ ಕೆಲಸ ಸಮಾರೋಪಕ್ಕೆ ಮುಗಿಯುತ್ತದೆ, ಆರು ತಿಂಗಳ ಮೇಲೆ ಕಚೇರಿಗೆ ಹೋಗಿ ಕಡತ ತೆಗೆಸುವುದು ಯಾರ ಹೆಸರಿನಲ್ಲೂ ಇರುವುದಿಲ್ಲ. ಒಮ್ಮೆ ನಾನೇ ಹೋಗಿದ್ದೆ. ನನ್ನ ಪಾಠಕ್ಕೆ ಬಂದಿದ್ದ ಸೂಪರಿಂಟೆಂಡೆಂಟರು ಪ್ರೀತಿಯಿಂದ ಕೂರಿಸಿ ಕಾಫಿ ತರಿಸಿದರು. ಆರು ತಿಂಗಳ ಹಿಂಬರಹಗಳನ್ನು ಸ್ವಲ್ಪ ತೋರಿಸ್ತೀರಾ ಎಂದೆ. ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಯಾಕ್ ಸಾರ್, ಯಾರಾದ್ರೂ ಕಂಪ್ಲೇಂಟ್ ಕೊಟ್ಟಿದಾರಾ?"