ಹಲಸಿನ ಬಟ್ಟಲು: ಒಳಮೈ ಎಷ್ಟು ಚದರ ಸೆಂ.ಮೀ?

ಉಡುಪಿಯಲ್ಲಿ ನಮ್ಮ ಮನೆ ಹತ್ತಿರದ ಆಚಾರ್ರ ಶೆಡ್ಡಿನ ಲೇತ್‌ನಲ್ಲಿ ಹಲಸಿನ ಮರದ ಆರು ಬಟ್ಟಲು ಕಡೆದು ಮುಗೀತು. ಬರೀ ಶೋಕಿಗೆ ಇಡೋದು. ಒಳಗೆ ತೆಳುವಾದ ಹಿತ್ತಾಳೆ ಹಾಳೆ ಅಂಟಿಸಬೇಕು, ಒಂದು ಹಾಳೆ 14 × 14 ಸೆಂ.ಮೀ. ಎಷ್ಟು ಹಾಳೆ ತರಿಸೋದು ಅನ್ನೋದೇ ಈ ಸಲದ ಲೆಕ್ಕ.

ಲೇತ್ ತಿರುಗುವ ಅಕ್ಷವೇ ನಮ್ಮ x ಅಕ್ಷ. ಬಟ್ಟಲಿನ ತಳದ ನಡುವೆ x = 0, ಬಾಯಿಯಲ್ಲಿ x = 8. ಒಳಗಿನ ಗೆರೆ y² = 8x, ಅಂದರೆ ಬಾಯಿಯಲ್ಲಿ ತ್ರಿಜ್ಯವೂ 8 ಸೆಂ.ಮೀ.

ಅಣ್ಣನ ಮಗ ಕೂತು 2πy ಅನ್ನು dx ಜೊತೆ ಇಂಟಿಗ್ರೇಟ್ ಮಾಡಿ 268 ಅಂದ. "ಚಿಕ್ಕಪ್ಪ, ಘನಫಲಕ್ಕೆ ಹೀಗೇ ಬಿಲ್ಲೆ ಬಿಲ್ಲೆ ಕೂಡಿಸೋದಲ್ವಾ?" ಘನಫಲಕ್ಕೆ ಅದು ಸರಿ. ಅಲ್ಲಿ ಅಂಚಿನ ಓರೆಯಲ್ಲಿ ಬಿಟ್ಟುಹೋಗುವ ಚೂರು, ಬಿಲ್ಲೆ ತೆಳುವಾದಷ್ಟೂ ಬಿಲ್ಲೆಗಿಂತ ಬೇಗ ಸಣ್ಣದಾಗಿ ಮಾಯವಾಗುತ್ತದೆ. ಮೇಲ್ಮೈಯಲ್ಲಿ ಹಾಗಲ್ಲ. ಬಳೆಯಂಥ ಪಟ್ಟಿಯ ಅಗಲ dx ಅಲ್ಲ, ಗೆರೆಯ ಓರೆ ಉದ್ದ, ಮತ್ತು ಪಟ್ಟಿ ಎಷ್ಟೇ ತೆಳುವಾದರೂ ಓರೆಗೂ dx‌ಗೂ ಇರುವ ಅನುಪಾತ ಹಾಗೇ ಉಳಿಯುತ್ತದೆ. ಅದಕ್ಕೇ ಸೂತ್ರ ಹೀಗಿದೆ:

```
S = 2π ∫ y √(1 + (dy/dx)²) dx
```

ಅನುಮಾನ ಇದ್ದರೆ ಚಪ್ಪಟೆ ತಟ್ಟೆ ತಗೊಳ್ಳಿ. ಅದರಲ್ಲಿ x ಬದಲಾಗುವುದೇ ಇಲ್ಲ, ಹುಡುಗನ ಲೆಕ್ಕದಲ್ಲಿ ಮೇಲ್ಮೈ ಸೊನ್ನೆ!

ನಮ್ಮ ಗೆರೆಗೆ dy/dx = 4/y. ತಳದಲ್ಲಿ ಇದು ಅನಂತ, ನೋಡಿ ಹೆದರಬೇಡಿ. y ಅನ್ನು ವರ್ಗಮೂಲದ ಒಳಗೆ ತಗೊಂಡರೆ √(y² + 16) ಆಗುತ್ತದೆ, ಅಂದರೆ √(8x + 16), ತಳದಲ್ಲಿ ಸುಮ್ನೆ 4.

```
S = 2π ∫₀⁸ √(8x + 16) dx
  = (π/6)(80^1.5 − 16^1.5) ≈ 341
```

268 ಎಲ್ಲಿ, 341 ಎಲ್ಲಿ. ಒಂದು ಬಟ್ಟಲಿಗೇ 73 ಚದರ ಸೆಂ.ಮೀ. ಕಡಿಮೆ ಬೀಳುತ್ತಿತ್ತು, ಅದರಲ್ಲೂ ಜಾಸ್ತಿ ಪಾಲು ಹೋಗೋದು ಮಟ್ಟಸವಾಗಿರುವ ತಳದಲ್ಲಿ.

ಆದರೆ ಕೈಯಲ್ಲಿ ಕಡೆದದ್ದು ಪಕ್ಕಾ ಪ್ಯಾರಾಬೋಲಾ ಇರಲ್ಲ. ಹಾಗಾಗಿ ಪ್ರತಿ ಬಟ್ಟಲನ್ನೂ 2 ಸೆಂ.ಮೀ.ಗೊಂದು ಕಡೆ ಅಳೆದು, ಎರಡು ಅಳತೆಗಳ ನಡುವೆ ನೇರ ಗೆರೆ ಅಂದುಕೊಂಡು, ಪ್ರತಿ ಪಟ್ಟಿಗೆ π(y₁ + y₂) × ಓರೆ ಉದ್ದ ಅಂತ ಕೂಡಿಸುವುದು ವಾಸಿ. ಈ ದಾರಿ ಎಷ್ಟು ನಂಬಬಹುದು ಅಂತ ಮೊದಲು y² = 8x ಮೇಲೇ ಪರೀಕ್ಷೆ ಮಾಡಿದೆ: 335 ಬಂತು. ಕಡಿಮೆ ಬಿದ್ದ 6ರಲ್ಲಿ ಸುಮಾರು 5 ಮೊದಲ ಪಟ್ಟಿಯದೇ, ಯಾಕಂದರೆ ಗೆರೆ ಜಾಸ್ತಿ ಬಾಗುವುದು ಅಲ್ಲಿ. x = 0.5ರಲ್ಲಿ ಇನ್ನೊಂದು ಅಳತೆ ಸೇರಿಸಿದರೆ 339. ಹಾಳೆ ಅಂಟಿಸಲಿಕ್ಕೆ ಇಷ್ಟು ಧಾರಾಳ ಸಾಕು.

ಆರು ಬಟ್ಟಲಿಗೆ ಸುಮಾರು 2,046 ಚದರ ಸೆಂ.ಮೀ., ಅಂದರೆ ಹನ್ನೊಂದು ಹಾಳೆ. ಉಬ್ಬುತಗ್ಗಿನ ಮೈಗೆ ಚಪ್ಪಟೆ ಹಾಳೆ ಸುಕ್ಕಾಗದೆ ಕೂರುವುದಿಲ್ಲ, ಚೂರು ಮಾಡಿ ಒಂದರ ಮೇಲೊಂದು ಸ್ವಲ್ಪ ಬರುವಂತೆ ಅಂಟಿಸಬೇಕು. ಹದಿನಾಲ್ಕು ತರಿಸುತ್ತಿದ್ದೇನೆ.

ಮುಂದೆ ಹೊರಮೈಗೆ ಎಣ್ಣೆ. ಹೊರಗಿನ ತಳ ಪೂರ್ತಿ ಚಪ್ಪಟೆ, ಅದು ಇಂಟಿಗ್ರಲ್‌ನಲ್ಲಿ ಬರಲ್ಲ, πr² ಬೇರೆ ಕೂಡಿಸಬೇಕು.